ಕುಕ್ಕರ್ ‘ಟಕ್’ ಅಂತು, ಆದರೆ ಜಿಗಿದದ್ದು ಯಾವುದು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಕಲಬುರಗಿಯಿಂದ ಮಾತಾಡ್ತಿದ್ದೀನಿ. ಈ ವಾರ ಒಂದೇ ಒಂದು ವಾಯ್ಸ್ ಮೆಸೇಜ್ ಹಿಡ್ಕೊಂಡು ಇಡೀ ಸಂಚಿಕೆ ಮಾಡ್ತಿದ್ದೀನಿ. ಕಳಿಸಿದವರು ಕಮಲಾಪುರದ ಹುಡುಗ, ಕಲಬುರಗಿಯಲ್ಲಿ ರೂಮ್ ಮಾಡ್ಕೊಂಡು ಬಿ.ಎಸ್ಸಿ ಓದ್ತಿದ್ದಾರೆ. ಅವರ ಮಾತಿನಲ್ಲೇ ಕೇಳ್ರಿ:

“ಅಣ್ಣಾ, ನಮ್ಮ ರೂಮಿನ್ಯಾಗ ಒಂದು ಸಣ್ಣ ರೈಸ್ ಕುಕ್ಕರ್ ಅದ. ಅದರ ತಳದಾಗ ಮ್ಯಾಗ್ನೆಟ್ ಇರ್ತದ, ಬಿಸಿ ಆದ್ರ ಅದರ ಹಿಡಿತ ಹೋಗಿ ಸ್ವಿಚ್ ಟಕ್ ಅಂತ ಬೀಳ್ತದ ಅಂತ ಓದೀನಿ. ಹಂಗಾದ್ರ ಅದು ಫಸ್ಟ್ ಆರ್ಡರ್ ಅಲ್ಲೇನು? ಒಮ್ಮೆಲೇ ಆಗ್ತದಲ್ಲ! ಪುಸ್ತಕದಾಗ ನೋಡಿದ್ರ ಮ್ಯಾಗ್ನೆಟ್ ಸೆಕೆಂಡ್ ಆರ್ಡರ್ ಅಂತ ಬರ್ದಾರ. ರೂಮ್‌ಮೇಟ್ ಜೋಡಿ ಇದ್ರ ಮ್ಯಾಲೆ ವಾದ ನಡದದ. ಯಾವುದು ಖರೆ?”

ಪುಸ್ತಕ ಹೇಳೋದೇ ಖರೆ. ಆದರೆ ಪ್ರಶ್ನೆ ಬಹಳ ಚೊಲೋ ಅದ, ಯಾಕಂದ್ರೆ ಆ ಒಂದೇ ಕುಕ್ಕರಿನೊಳಗೆ ಎರಡೂ ಜಾತಿಯ ಸ್ಥಿತ್ಯಂತರ, ಅಂದ್ರೆ ಫೇಸ್ ಟ್ರಾನ್ಸಿಷನ್, ನಡೆಯುತ್ತವೆ. ನೀರು ಕುದಿಯೋದು ಫಸ್ಟ್ ಆರ್ಡರ್. ತಳದ ಫೆರೈಟ್ ತನ್ನ ಕಾಂತತ್ವ ಕಳ್ಕೊಳ್ಳೋದು ಸೆಕೆಂಡ್ ಆರ್ಡರ್. ಎರಡರ ನಡುವೆ ಕೆಲವೇ ಡಿಗ್ರಿಗಳ ಅಂತರ.

ಮೊದಲು ನೀರು

ಒತ್ತಡ, ತಾಪಮಾನ ಎರಡೂ ಇಷ್ಟೇ ಅಂತ ಗೊತ್ತಾದ ಮೇಲೆ, ಒಂದು ವಸ್ತು ದ್ರವವಾಗಿರಬೇಕೋ ಆವಿಯಾಗಬೇಕೋ ಅನ್ನೋದನ್ನು ತೀರ್ಮಾನಿಸೋದು ಮುಕ್ತ ಶಕ್ತಿ, ಫ್ರೀ ಎನರ್ಜಿ. ಯಾವ ಸ್ಥಿತಿಯಲ್ಲಿ ಅದು ಕಡಿಮೆಯೋ ಆ ಸ್ಥಿತಿ ಗೆಲ್ಲುತ್ತದೆ. ಸೂತ್ರ ಇಷ್ಟೇ:

G = H − TS

ಇಲ್ಲಿ H ಅಂದ್ರೆ ಎಂಥಾಲ್ಪಿ, ಅಂದ್ರೆ ಶಕ್ತಿಯ ಲೆಕ್ಕ. T ತಾಪಮಾನ. S ಎಂಟ್ರೊಪಿ, ಅಣುಗಳು ಎಷ್ಟು ಬಗೆಯಲ್ಲಿ ಹರಡಿಕೊಂಡು ಇರಬಹುದು ಅನ್ನೋದರ ಅಳತೆ. ಈಗ ತಾಪಮಾನ ಅಡ್ಡಕ್ಕೆ, G ಉದ್ದಕ್ಕೆ ಇಟ್ಟು ಗ್ರಾಫ್ ಹಾಕಿದ್ವಿ ಅಂತಿಟ್ಕೊಳ್ರಿ. ಆ ಗೆರೆಯ ಇಳಿಜಾರು, ಅಂದ್ರೆ ಮೊದಲ ಡೆರಿವೇಟಿವ್, ಸರಿಯಾಗಿ −S ಆಗಿರುತ್ತದೆ. ಆವಿಯ ಎಂಟ್ರೊಪಿ ನೀರಿಗಿಂತ ಬಹಳ ಹೆಚ್ಚು, ಹಾಗಾಗಿ ಆವಿಯ ಗೆರೆ ಕಡಿದಾಗಿ ಇಳಿಯುತ್ತದೆ, ನೀರಿನದು ನಿಧಾನಕ್ಕೆ.

ಎರಡು ಗೆರೆ ಒಂದು ಕಡೆ ಒಂದನ್ನೊಂದು ದಾಟುತ್ತವೆ. ಅದೇ ಕುದಿಯೋ ಬಿಂದು. ಅಲ್ಲಿ ಎರಡರ G ಒಂದೇ, ಅದಕ್ಕೆ G ಜಿಗಿಯೋದಿಲ್ಲ. ಆದರೆ ನಾವು ನೀರಿನ ಗೆರೆ ಬಿಟ್ಟು ಆವಿಯ ಗೆರೆ ಹಿಡಿದ ಕೂಡಲೇ ಇಳಿಜಾರು ಫಕ್ಕನೆ ಬದಲಾಗುತ್ತದೆ. ಇಳಿಜಾರು ಜಿಗಿಯಿತು ಅಂದ್ರೆ ಎಂಟ್ರೊಪಿ ಜಿಗಿಯಿತು. ಮೊದಲ ಡೆರಿವೇಟಿವ್ ಜಿಗಿದದ್ದಕ್ಕೇ ಇದು ಫಸ್ಟ್ ಆರ್ಡರ್.

ಈ ಜಿಗಿತ ಕೈಗೆ ಸಿಗೋದು ಗುಪ್ತೋಷ್ಣದ ರೂಪದಲ್ಲಿ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು ಕುದಿಯೋದು 100ಕ್ಕಲ್ಲ, ಸುಮಾರು 98.5 ಡಿಗ್ರಿಗೆ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಅಲ್ಲಿವರೆಗೆ ತರೋಕೆ ಸುಮಾರು 290 ಕಿಲೋಜೂಲ್ ಬೇಕು. ಅದೇ ನೀರನ್ನು ಪೂರ್ತಿ ಆವಿ ಮಾಡೋಕೆ ಸುಮಾರು 2,260 ಕಿಲೋಜೂಲ್. 400 ವ್ಯಾಟಿನ ಸಣ್ಣ ಕುಕ್ಕರ್ ಆದ್ರೆ, ಹೊರಗೆ ಹೋಗುವ ಶಾಖ ಬಿಟ್ಟು ಲೆಕ್ಕ ಹಾಕಿದಾಗ, ಕುದಿ ಬರೋಕೆ 12 ನಿಮಿಷ ಸಾಕು, ಬತ್ತಿ ಹೋಗೋಕೆ ಒಂದೂವರೆ ತಾಸಿಗಿಂತ ಸ್ವಲ್ಪ ಹೆಚ್ಚು. ಅನ್ನ ಅಷ್ಟು ಹೊತ್ತು ತೆಗೆದುಕೊಳ್ಳಲ್ಲ, ಯಾಕಂದ್ರೆ ಹೆಚ್ಚಿನ ನೀರನ್ನು ಅಕ್ಕಿಯೇ ಹೀರಿಕೊಳ್ಳುತ್ತದೆ.

ಆ ಒಂದೂವರೆ ತಾಸು ಪೂರ್ತಿ ಥರ್ಮಾಮೀಟರ್ 98.5ರಲ್ಲೇ ನಿಂತಿರುತ್ತದೆ. ಶಾಖ ಒಳಗೆ ಹೋಗ್ತಾನೇ ಇರ್ತದೆ, ತಾಪಮಾನ ಮಾತ್ರ ಏರಲ್ಲ. ಕೊಟ್ಟ ಶಾಖವೆಲ್ಲ ಎಂಟ್ರೊಪಿಯ ಆ ಜಿಗಿತಕ್ಕೆ ಖರ್ಚಾಗುತ್ತದೆ. ಇನ್ನೊಂದು ಮೊದಲ ಡೆರಿವೇಟಿವ್ ಕೂಡ ಜಿಗಿಯುತ್ತದೆ. ಒತ್ತಡದ ಜೊತೆ G ಎಷ್ಟು ಬದಲಾಗುತ್ತದೆ ಅಂತ ನೋಡಿದ್ರೆ ಬರೋದು ಗಾತ್ರ. ಒಂದು ಲೀಟರ್ ನೀರು ಆವಿಯಾದಾಗ 1,600 ಲೀಟರಿಗೂ ಹೆಚ್ಚಾಗುತ್ತದೆ. ಗಾತ್ರ ಇಷ್ಟು ಜಿಗಿಯೋದಕ್ಕೇ ಒತ್ತಡ ಸ್ವಲ್ಪ ಇಳಿದರೂ ಕುದಿಯೋ ಬಿಂದು ಇಳಿಯುತ್ತದೆ, ಸಮುದ್ರ ತೀರದ ಊರಿಗಿಂತ ನಮ್ಮೂರಲ್ಲಿ ನೀರು ಬೇಗ ಕುದಿಯುತ್ತದೆ.

ಗಲ್ಲಿಯ ಮೂಲೆ, ಹೈವೇಯ ತಿರುವು

ಮ್ಯಾಗ್ನೆಟ್ಟಿಗೆ ಬರೋ ಮುಂಚೆ ಸ್ವಲ್ಪ ಬೈಕ್ ಹತ್ತೋಣ. ಊರೊಳಗಿನ ಗಲ್ಲಿಯ ಮೂಲೆ ನೆನಪು ಮಾಡ್ಕೊಳ್ರಿ. ಒಂದು ಗೋಡೆ ಮುಗಿದಲ್ಲೇ ಇನ್ನೊಂದು ಗೋಡೆ ಅಡ್ಡಕ್ಕೆ ಶುರು. ರಸ್ತೆ ಎಲ್ಲೂ ತುಂಡಾಗಿಲ್ಲ, ಆದರೆ ದಿಕ್ಕು ಒಂದೇ ಬಿಂದುವಿನಲ್ಲಿ ಬದಲಾಯಿತು. ಇದು ಫಸ್ಟ್ ಆರ್ಡರ್.

ಈಗ ಕಲಬುರಗಿಯಿಂದ ಕಮಲಾಪುರದ ಕಡೆ ಹೈವೇ ಮೇಲೆ ಹೊರಟಿದ್ದೀರಿ. ನೆಟ್ಟಗಿದ್ದ ರಸ್ತೆ ಒಂದು ಕಡೆ ದುಂಡಗಿನ ತಿರುವಿಗೆ ಸೇರಿತು ಅಂತಿಟ್ಕೊಳ್ರಿ. ಸೇರುವ ಜಾಗದಲ್ಲಿ ದಿಕ್ಕು ಜಿಗಿಯಲ್ಲ, ನೀವು ಹೋಗ್ತಿದ್ದ ದಿಕ್ಕಿನಲ್ಲೇ ತಿರುವು ಶುರುವಾಗುತ್ತದೆ. ಜಿಗಿಯೋದು ಬಾಗು. ನಿನ್ನೆವರೆಗೂ ಸೊನ್ನೆ ಅನ್ನೋ ಹಾಗಿದ್ದ ಬಾಗು ಅಲ್ಲಿಂದ ಇಷ್ಟು ಅಂತ ಆಯಿತು, ಹ್ಯಾಂಡಲ್ ತಿರುಗಿಸಲೇಬೇಕು. ಬಾಗು ಅಂದ್ರೆ ಎರಡನೇ ಡೆರಿವೇಟಿವ್. ಸೆಕೆಂಡ್ ಆರ್ಡರ್ ಅಂದ್ರೆ ಇದೇ: ಇಳಿಜಾರು ಸಮ ಇದೆ, ಬಾಗು ಮಾತ್ರ ಜಿಗಿಯಿತು.

ಮುಕ್ತ ಶಕ್ತಿಯ ಬಾಗು ನಮಗೆ ಅಳೆಯೋಕೆ ಸಿಗೋದು ಶಾಖ ಧಾರಕತೆಯಾಗಿ, ಅಂದ್ರೆ ಒಂದು ಡಿಗ್ರಿ ಏರಿಸೋಕೆ ಎಷ್ಟು ಶಾಖ ಬೇಕು ಅನ್ನೋದಾಗಿ. ಹಾಗಾಗಿ ಸೆಕೆಂಡ್ ಆರ್ಡರಿನಲ್ಲಿ ಗುಪ್ತೋಷ್ಣ ಇಲ್ಲ, ಥರ್ಮಾಮೀಟರ್ ನಿಲ್ಲೋದಿಲ್ಲ. ಆ ಬಿಂದುವನ್ನು ದಾಟುವಾಗ ಶಾಖ ಧಾರಕತೆ ಮಾತ್ರ ಬದಲಾಗುತ್ತದೆ.

ಈಗ ಕುಕ್ಕರಿನ ತಳ

ಒಂದೇ ಲಿವರ್ ಇರೋ ಸಾದಾ ಕುಕ್ಕರಿನ ಪಾತ್ರೆ ಎತ್ತಿದ್ರೆ ನಡುವೆ ಸ್ಪ್ರಿಂಗ್ ಮೇಲೆ ಕೂತ ದುಂಡಗಿನ ಗುಂಡಿ ಕಾಣುತ್ತದೆ. ಅದು ಪಾತ್ರೆಯ ತಳಕ್ಕೆ ಒತ್ತಿಕೊಂಡು ಕೂರುತ್ತದೆ. ಅದರೊಳಗೆ ಒಂದು ಫೆರೈಟ್ ತುಂಡು, ಅದರ ಕೆಳಗೆ ಒಂದು ಶಾಶ್ವತ ಅಯಸ್ಕಾಂತ. ಲಿವರ್ ಒತ್ತಿದಾಗ ಅಯಸ್ಕಾಂತ ಮೇಲೆ ಹೋಗಿ ಫೆರೈಟಿಗೆ ಅಂಟಿಕೊಳ್ಳುತ್ತದೆ. ಸ್ಪ್ರಿಂಗ್ ಅದನ್ನು ಕೆಳಗೆ ಎಳೀತಾ ಇರ್ತದೆ, ಆದರೆ ಸದ್ಯಕ್ಕೆ ಅಂಟಿನ ಬಲವೇ ಹೆಚ್ಚು.

ಪಾತ್ರೆಯಲ್ಲಿ ನೀರು ಇರೋವರೆಗೂ ತಳ ಕುದಿಯೋ ಬಿಂದುವಿನ ಆಸುಪಾಸಿನಲ್ಲೇ ಇರುತ್ತದೆ. ಕಾವಲು ಕಾಯ್ತಿರೋದು ಫಸ್ಟ್ ಆರ್ಡರ್. ನೀರು ಮುಗಿದ ಕೂಡಲೇ ತಳದ ತಾಪಮಾನ ಏರೋಕೆ ಹತ್ತುತ್ತದೆ. ಈ ಫೆರೈಟನ್ನು ಬೇಕಂತಲೇ 100ಕ್ಕಿಂತ ಸ್ವಲ್ಪ ಮೇಲೆ, ಸಾಮಾನ್ಯವಾಗಿ 103 ಡಿಗ್ರಿ ಹತ್ತಿರ ಕಾಂತತ್ವ ಕಳೆದುಕೊಳ್ಳೋ ಹಾಗೆ ಮಾಡಿರ್ತಾರೆ. ಆ ತಾಪಮಾನಕ್ಕೆ ಕ್ಯೂರಿ ಬಿಂದು ಅಂತಾರೆ. ಕಬ್ಬಿಣಕ್ಕೆ ಅದು 770 ಡಿಗ್ರಿ, ಅಡುಗೆಮನೆಯಲ್ಲಿ ಅದರಿಂದ ಉಪಯೋಗ ಇಲ್ಲ.

ಈಗ ನಮ್ಮ ಕೇಳುಗರ ವಾದದ ಗಂಟು ಇಲ್ಲಿದೆ. ಟಕ್ ಅಂದದ್ದು ಫೆರೈಟ್ ಅಲ್ಲ, ಸ್ಪ್ರಿಂಗ್. ಫೆರೈಟಿನ ಕಾಂತತ್ವ ತಾಪಮಾನ ಏರಿದಂತೆ ಬರಬರುತ್ತಾ ಕಡಿಮೆಯಾಗ್ತದೆ, ಕ್ಯೂರಿ ಬಿಂದು ಹತ್ತಿರ ಬಂದಾಗ ಬಹಳ ಕಡಿದಾಗಿ ಇಳಿಯುತ್ತದೆ, ಆದರೆ ಎಲ್ಲೂ ಜಿಗಿಯದೆ ಸೊನ್ನೆ ಮುಟ್ಟುತ್ತದೆ. ಪಠ್ಯಪುಸ್ತಕದ ಸರಳ ಮಾದರಿಯಲ್ಲಿ ಲೆಕ್ಕ ಹಾಕಿದ್ರೆ, ಕ್ಯೂರಿ ಬಿಂದುವಿಗಿಂತ ನಾಲ್ಕು ಡಿಗ್ರಿ ಕೆಳಗೆ ಇನ್ನೂ ಗರಿಷ್ಠ ಕಾಂತತ್ವದ 18 ಪ್ರತಿಶತದಷ್ಟು ಉಳಿದಿರುತ್ತದೆ. ಒಂದು ಡಿಗ್ರಿ ಕೆಳಗೆ ಸುಮಾರು 9 ಪ್ರತಿಶತ. ಅಯಸ್ಕಾಂತದ ಹಿಡಿತ ಹೀಗೆ ಸಡಿಲಾಗ್ತಾ ಬಂದು, ಎಲ್ಲೋ ಒಂದು ಕಡೆ ಸ್ಪ್ರಿಂಗಿನ ಎಳೆತಕ್ಕಿಂತ ಕಡಿಮೆಯಾಗುತ್ತದೆ. ಆ ಕ್ಷಣ ಸ್ಪ್ರಿಂಗ್ ಗೆಲ್ಲುತ್ತದೆ, ಲಿವರ್ ಬೀಳುತ್ತದೆ. ಸೊನ್ನೆ ಆಗೋ ತನಕ ಅದು ಕಾಯೋದೂ ಇಲ್ಲ.

ಕಾಂತತ್ವ ಅನ್ನೋದು ಕಾಂತಕ್ಷೇತ್ರದ ಜೊತೆ ಮುಕ್ತ ಶಕ್ತಿ ಬದಲಾಗುವ ಇಳಿಜಾರು, ಅಂದ್ರೆ ಮೊದಲ ಡೆರಿವೇಟಿವ್. ಅದು ಜಿಗಿಯಲಿಲ್ಲ. ಹಂಗಾಗಿ ಫಸ್ಟ್ ಆರ್ಡರ್ ಅಲ್ಲ. ಇನ್ನೊಂದು ಮಾತು ಸೇರಿಸ್ಬೇಕು: ಕುಕ್ಕರಿನಲ್ಲಿ ಪಕ್ಕದಲ್ಲೇ ಅಯಸ್ಕಾಂತ ಇರೋದ್ರಿಂದ ಫೆರೈಟ್ ಯಾವಾಗಲೂ ಒಂದು ಕಾಂತಕ್ಷೇತ್ರದೊಳಗೆ ಇರುತ್ತದೆ. ಆಗ ಬದಲಾವಣೆ ಇನ್ನಷ್ಟು ನುಣುಪಾಗಿ ಹರಡಿಕೊಳ್ಳುತ್ತದೆ. ಹೊರಗಿನ ಕ್ಷೇತ್ರ ಇಲ್ಲದಾಗ ಮಾತ್ರ ಕ್ಯೂರಿ ಬಿಂದು ಚೂಪಾಗಿ ಸಿಗುತ್ತದೆ.

ಲ್ಯಾಬಿನಲ್ಲಿ ಹೇಗೆ ಗುರುತಿಸೋದು?

‘ಒಮ್ಮೆಲೇ ಆಯ್ತಾ’ ಅಂತ ಕೇಳಿದ್ರೆ ಮೋಸ ಹೋಗ್ತೀವಿ. ಬದಲಿಗೆ ಮೂರು ಪ್ರಶ್ನೆ ಕೇಳ್ರಿ. ಶಾಖ ಕೊಡ್ತಾ ಇದ್ರೂ ತಾಪಮಾನ ನಿಲ್ಲುತ್ತದೆಯೇ? ಎರಡು ಸ್ಥಿತಿಗಳು ಒಟ್ಟಿಗೆ, ಪಾತ್ರೆಯೊಳಗಿನ ನೀರು ಮತ್ತು ಗುಳ್ಳೆಗಳ ಹಾಗೆ, ಅಕ್ಕಪಕ್ಕ ಕಾಣುತ್ತವೆಯೇ? ಬಿಸಿ ಮಾಡುವಾಗ ಮತ್ತು ತಣ್ಣಗೆ ಮಾಡುವಾಗ ಬದಲಾವಣೆ ಬೇರೆ ಬೇರೆ ತಾಪಮಾನದಲ್ಲಿ ಆಗ್ತದೆಯೇ?

ಮೂರನೆಯದು ನೀವು ಫ್ರಿಜ್‌ನಲ್ಲೇ ನೋಡಿರಬಹುದು. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಹೋದ್ರೂ ನೀರಾಗಿಯೇ ಇರುತ್ತದೆ, ಹೊರಗೆ ತೆಗೆದು ಕುಕ್ಕಿದ ಕೂಡಲೇ ಹೆಪ್ಪುಗಟ್ಟೋಕೆ ಹತ್ತುತ್ತದೆ. ನೀರಿನ ಗೆರೆ ಸೊನ್ನೆಯ ಆಚೆಗೂ ಮುಂದುವರಿದಿರುತ್ತದೆ, ಅದಕ್ಕೇ ನೀರು ಅದರ ಮೇಲೆ ಸ್ವಲ್ಪ ಹೊತ್ತು ಉಳಿಯಬಲ್ಲದು. ಕ್ಯೂರಿ ಬಿಂದುವಿನಲ್ಲಿ ಹೀಗೆ ದಾಟುವ ಎರಡು ಗೆರೆಗಳೇ ಇಲ್ಲ, ಹಾಗಾಗಿ ಈ ಆಟ ನಡೆಯಲ್ಲ. ಲಿವರ್ ತಾನಾಗೇ ಮೇಲೆ ಬರದೆ ಇರೋದನ್ನು ನೋಡಿ ಮತ್ತೆ ಗೊಂದಲ ಮಾಡ್ಕೋಬೇಡಿ, ಅದೂ ಸ್ಪ್ರಿಂಗಿನ ಕೆಲಸ. ಫೆರೈಟ್ ತಣ್ಣಗಾದ್ರೆ ಅದೇ ತಾಪಮಾನದಲ್ಲಿ ಕಾಂತತ್ವ ವಾಪಸ್ ಬಂದಿರುತ್ತದೆ.

ಪ್ರಯೋಗದಲ್ಲಿ ಎಡವೋದು ಒಂದು ಕಡೆ. ಕ್ಯೂರಿ ಬಿಂದುವಿನಲ್ಲಿ ಶಾಖ ಧಾರಕತೆ ಚೂಪಾದ ಶಿಖರದ ಹಾಗೆ ಏಳುತ್ತದೆ. ಬೇಗ ಬೇಗ ಬಿಸಿ ಮಾಡಿ ಅಳೆದ್ರೆ ಅದು ಗುಪ್ತೋಷ್ಣದ ಹಾಗೇ ಕಾಣಬಹುದು. ನಿಧಾನಕ್ಕೆ ಬಿಸಿ ಮಾಡಿ, ಆಮೇಲೆ ಅಷ್ಟೇ ನಿಧಾನಕ್ಕೆ ತಣ್ಣಗೆ ಮಾಡಿ, ಎರಡು ಶಿಖರಗಳು ಒಂದೇ ಜಾಗದಲ್ಲಿ ಬಂದವೋ ಅಂತ ನೋಡಬೇಕು.

ಈ ‘ಆರ್ಡರ್’ ಲೆಕ್ಕ ಶುರು ಮಾಡಿದವರು ಪಾಲ್ ಎರೆನ್‌ಫೆಸ್ಟ್, 1933ರಲ್ಲಿ. ಎಷ್ಟನೇ ಡೆರಿವೇಟಿವ್ ಮೊದಲು ಜಿಗಿಯುತ್ತದೋ ಅಷ್ಟನೇ ಆರ್ಡರ್ ಅಂದ್ರು ಅವರು. ಸೂಪರ್‌ಕಂಡಕ್ಟರುಗಳಿಗೆ ಈ ಚಿತ್ರ ಚೆನ್ನಾಗಿ ಹೊಂದುತ್ತದೆ, ಕಾಂತಕ್ಷೇತ್ರ ಇಲ್ಲದಾಗ ಅವುಗಳ ಶಾಖ ಧಾರಕತೆ ನಿಜಕ್ಕೂ ಮೆಟ್ಟಿಲಿನ ಹಾಗೆ ಜಿಗಿಯುತ್ತದೆ. ಮ್ಯಾಗ್ನೆಟ್ಟುಗಳಲ್ಲಿ ಮಾತ್ರ ಅಚ್ಚುಕಟ್ಟಾದ ಮೆಟ್ಟಿಲು ಸಿಗಲ್ಲ, ಶಿಖರ ಸಿಗುತ್ತದೆ. ಅದಕ್ಕೆ ಇವತ್ತು ಬಹಳ ಜನ ಭೌತವಿಜ್ಞಾನಿಗಳು ‘ಸೆಕೆಂಡ್ ಆರ್ಡರ್’ ಬದಲು ‘ನಿರಂತರ ಸ್ಥಿತ್ಯಂತರ’ ಅನ್ನೋದೇ ಹೆಚ್ಚು. ಮೊದಲ ಡೆರಿವೇಟಿವ್ ಜಿಗಿದ್ರೆ ಫಸ್ಟ್ ಆರ್ಡರ್, ಜಿಗಿಯದೆ ಅದರ ಮೇಲಿನ ಡೆರಿವೇಟಿವಿನಲ್ಲಿ ಗಲಾಟೆ ಇದ್ರೆ ನಿರಂತರ.

ಕಮಲಾಪುರದ ತಮ್ಮಾ, ನಿಮ್ಮ ರೂಮ್‌ಮೇಟ್‌ಗೆ ಇಷ್ಟು ಹೇಳ್ರಿ: ಕಿವಿಗೆ ಕೇಳಿದ್ದು ಸ್ಪ್ರಿಂಗಿನ ಜಿಗಿತ. ನಿಜವಾದ ಜಿಗಿತ ಅದಕ್ಕೂ ಮುಂಚೆ, ಸದ್ದಿಲ್ಲದೆ 98.5 ಡಿಗ್ರಿಯಲ್ಲಿ ನಿಂತಿದ್ದ ನೀರಿನಲ್ಲಿ ನಡೀತಿತ್ತು. ನಿಮ್ಮ ಪ್ರಶ್ನೆಗಳಿದ್ರೆ ವಾಯ್ಸ್ ಮೆಸೇಜ್ ಕಳಿಸ್ತಾ ಇರ್ರಿ.