ಸ್ಟ್ಯಾಟಿಕ್ಸ್‌ಗೆ 14 ದಿನ: ಮೊದಲು ಚಿತ್ರ, ಆಮೇಲೆ ಲೆಕ್ಕ

ಸ್ಟ್ಯಾಟಿಕ್ಸ್ ಪರೀಕ್ಷೆ ಹತ್ತಿರ ಬಂದಾಗ ಎಂಜಿನಿಯರಿಂಗ್ ಮೊದಲ ವರ್ಷದ ಹಲವರು ಗೈಡಿನಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಓದತೊಡಗುತ್ತಾರೆ. ಅಲ್ಲಿ ಬಲಗಳ ಚಿತ್ರ ಸಿದ್ಧವಾಗಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ನಾವೇ ಬರೆಯಬೇಕು. ಆದ್ದರಿಂದ ಮೊದಲ ಮೂರು ದಿನ ಉತ್ತರದ ಗೊಡವೆ ಬೇಡ. ದಿನಕ್ಕೆ ಹತ್ತು ಪ್ರಶ್ನೆಗಳಿಗೆ ಫ್ರೀ ಬಾಡಿ ಡಯಾಗ್ರಾಂ ಮಾತ್ರ ಬರೆಯಿರಿ. ಹಿಂಜ್ ಇದ್ದಲ್ಲಿ ಎರಡು ಬಲ. ರೋಲರ್ ಇದ್ದಲ್ಲಿ ಅದು ಕೂತ ಮೇಲ್ಮೈಗೆ ಲಂಬವಾಗಿ ಒಂದೇ ಬಲ. ಗೋಡೆಗೆ ಬಿಗಿದ ತುದಿಯಲ್ಲಿ ಎರಡು ಬಲ, ಜೊತೆಗೊಂದು ಮೊಮೆಂಟ್.

ನಾಲ್ಕರಿಂದ ಏಳನೇ ದಿನದವರೆಗೆ ಬೀಮ್‌ಗಳು. 6 ಮೀಟರ್ ಉದ್ದದ ಬೀಮ್ ಒಂದಕ್ಕೆ ಎಡತುದಿಯಲ್ಲಿ ಹಿಂಜ್, ಬಲತುದಿಯಲ್ಲಿ ರೋಲರ್ ಇದೆ ಎನ್ನಿ. ಎಡದಿಂದ 2 ಮೀಟರ್ ದೂರದಲ್ಲಿ 12 ಕಿಲೋನ್ಯೂಟನ್ ಭಾರವಿದೆ. ಬಲಗಡೆಯ 3 ಮೀಟರಿನ ಮೇಲೆ ಮೀಟರಿಗೆ 4 ಕಿಲೋನ್ಯೂಟನ್‌ನಂತೆ ಭಾರ ಹರಡಿದೆ. ಈ ಹರಡಿದ ಭಾರ ಒಟ್ಟು 12 ಕಿಲೋನ್ಯೂಟನ್. ಅದು ತಾನು ಹರಡಿರುವ ಭಾಗದ ನಡುವೆ, ಅಂದರೆ ಎಡತುದಿಯಿಂದ 4.5 ಮೀಟರ್ ದೂರದಲ್ಲಿ ಎರಗುತ್ತದೆ. ಎಡತುದಿಯ ಸುತ್ತ ಮೊಮೆಂಟ್ ತೆಗೆದರೆ 24 ಮತ್ತು 54 ಸೇರಿ 78; ಅದನ್ನು 6ರಿಂದ ಭಾಗಿಸಿದರೆ ಬಲ ಆಧಾರದ ರಿಯಾಕ್ಷನ್ 13 ಕಿಲೋನ್ಯೂಟನ್. ಉಳಿದ 11 ಎಡ ಆಧಾರದ್ದು.

ಅವಸರದಲ್ಲಿ ಹರಡಿದ ಭಾರವನ್ನು ಇಡೀ ಬೀಮಿನ ನಡುವೆ, 3 ಮೀಟರಿನಲ್ಲಿ ಇಟ್ಟುಬಿಟ್ಟರೆ ಬಲಕ್ಕೆ 10, ಎಡಕ್ಕೆ 14 ಬರುತ್ತದೆ. ಕೂಡಿದರೆ ಆಗಲೂ 24. ಬಲತುದಿಯ ಸುತ್ತ ಮೊಮೆಂಟ್ ತೆಗೆದು ನೋಡಿದರೂ ಲೆಕ್ಕ ತಾಳೆಯಾಗುತ್ತದೆ. ಚಿತ್ರವೇ ತಪ್ಪಿದ್ದರೆ ಸಮೀಕರಣಗಳು ಅದನ್ನು ಹಿಡಿದುಕೊಡುವುದಿಲ್ಲ. ಹಿಡಿಯುವುದು ಅಂದಾಜು: ಎರಡೂ ಭಾರ ಸಮ, ಆದರೆ ಹರಡಿದ ಭಾರ ಬಲ ಆಧಾರದಿಂದ 1.5 ಮೀಟರ್ ದೂರದಲ್ಲಿದ್ದರೆ ಇನ್ನೊಂದು ಎಡ ಆಧಾರದಿಂದ 2 ಮೀಟರ್ ದೂರದಲ್ಲಿದೆ. ಹಾಗಿರುವಾಗ ಬಲ ಆಧಾರವೇ ಹೆಚ್ಚು ಹೊರಬೇಕು. ಪ್ರತಿ ಲೆಕ್ಕಕ್ಕೂ ಮುನ್ನ ಇಂಥ ಅಂದಾಜನ್ನು ಮಾರ್ಜಿನ್‌ನಲ್ಲಿ ಬರೆದುಕೊಳ್ಳಿ.

ಎಂಟು, ಒಂಬತ್ತನೇ ದಿನ ಘರ್ಷಣೆಗೆ. ಸಮತಟ್ಟಾದ ನೆಲದ ಮೇಲೆ 100 ನ್ಯೂಟನ್ ತೂಕದ ಪೆಟ್ಟಿಗೆ, ಘರ್ಷಣಾಂಕ 0.3, ಅಡ್ಡಲಾಗಿ 20 ನ್ಯೂಟನ್ ಬಲದಿಂದ ತಳ್ಳುತ್ತೀರಿ. ಘರ್ಷಣೆ 30 ಎಂದು ಬರೆದರೆ ತಪ್ಪು; 30 ಅದರ ಮಿತಿ ಮಾತ್ರ. ಪೆಟ್ಟಿಗೆ ಕದಲಿಲ್ಲವಾದ್ದರಿಂದ ಘರ್ಷಣೆ 20 ನ್ಯೂಟನ್ನೇ. ಪ್ರಶ್ನೆಯಲ್ಲಿ ‘ಜಾರುವ ಅಂಚಿನಲ್ಲಿ’ ಎಂಬ ಮಾತಿದ್ದರೆ ಮಾತ್ರ ಮಿತಿಯ ಬೆಲೆಯನ್ನು ನೇರವಾಗಿ ಹಾಕಬಹುದು.

ಹತ್ತು, ಹನ್ನೊಂದನೇ ದಿನ ಟ್ರಸ್. ಹನ್ನೆರಡನೇ ದಿನ ಸೆಂಟ್ರಾಯ್ಡ್. ಹದಿಮೂರನೇ ದಿನ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬಿಡಿಸಿ. ತಪ್ಪುಗಳನ್ನು ಎರಡು ಪಟ್ಟಿ ಮಾಡಿ: ಚಿತ್ರದ್ದು, ಕೂಡಿ ಕಳೆಯುವಾಗಿನದು. ಕೊನೆಯ ದಿನ ಮೊದಲ ಪಟ್ಟಿಯ ಪ್ರಶ್ನೆಗಳನ್ನಷ್ಟೇ ಖಾಲಿ ಹಾಳೆಯ ಮೇಲೆ ಮತ್ತೆ ಬರೆದು ನೋಡಿದರೆ ಸಾಕು.