ಮಾರ್ಚ್‌ನಲ್ಲಿ ಬಿಲ್ಲು, ಜೂನ್‌ನಲ್ಲಿ ದುಡ್ಡು

ಶಾಲಾ ಸಮವಸ್ತ್ರ ಹೊಲಿಸಿಕೊಡುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಮಾಲೀಕರು ಫೆಬ್ರವರಿಯಲ್ಲಿ 3 ಲಕ್ಷ ರೂಪಾಯಿ ಎಣಿಸಿಕೊಟ್ಟು ಬಟ್ಟೆ ತಂದರು. ಹೊಲಿಗೆ ಮುಗಿದು ಮಾರ್ಚ್ 25ರಂದು ಮಾಲು ಶಾಲೆಗೆ ಹೋಯಿತು. ಜಿಎಸ್‌ಟಿ ಬಿಟ್ಟು ಬಿಲ್ಲು 5 ಲಕ್ಷ. ದರ್ಜಿಗಳ ಕೂಲಿ 1 ಲಕ್ಷವನ್ನು ಏಪ್ರಿಲ್‌ನಲ್ಲಿ ಕೊಟ್ಟರು. ಶಾಲೆಯ ಚೆಕ್ಕು ಬಂದದ್ದು ಜೂನ್‌ನಲ್ಲಿ.

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸಬೇಕು. ಅಂಗಡಿಗೆ ಬಂದದ್ದು ಲಾಭವೋ, ನಷ್ಟವೋ?

ನಗದು ಪದ್ಧತಿಯಲ್ಲಿ ದುಡ್ಡು ಕೈಗೆ ಬಂದ ದಿನವೇ ಆದಾಯ, ಕೈಬಿಟ್ಟ ದಿನವೇ ಖರ್ಚು. ಹಾಗಾಗಿ ಈ ವರ್ಷ 3 ಲಕ್ಷ ನಷ್ಟ, ಮುಂದಿನ ವರ್ಷ 4 ಲಕ್ಷ ಲಾಭ. ಸಂಚಯ ಪದ್ಧತಿ, ಅಂದರೆ ಲೆಕ್ಕಿಗರ ಬಾಯಲ್ಲಿ ಮರ್ಕಂಟೈಲ್, ದುಡ್ಡಿಗಾಗಿ ಕಾಯುವುದಿಲ್ಲ. ಮಾಲು ಕೊಟ್ಟಾಯಿತು, 5 ಲಕ್ಷ ಆದಾಯ; ಶಾಲೆಯ ಹೆಸರಿನಲ್ಲಿ ಅಷ್ಟೇ ಬಾಕಿ. ದರ್ಜಿಗಳು ಹೊಲಿದಾಯಿತು, ಕೂಲಿ ಕೊಡದಿದ್ದರೂ ಖರ್ಚು. ಮಾರ್ಚ್ ಕೊನೆಗೆ 1 ಲಕ್ಷ ಲಾಭ. ಎರಡು ವರ್ಷ ಕೂಡಿಸಿದರೆ ಎರಡೂ ಪದ್ಧತಿಗಳಲ್ಲಿ ಲಾಭ ಆ 1 ಲಕ್ಷವೇ. ಬೇರೆಯಾಗುವುದು ಅದು ಯಾವ ವರ್ಷದ ಪುಟಕ್ಕೆ ಬೀಳುತ್ತದೆ ಎಂಬುದು.

ದಾಸ್ತಾನು ಮತ್ತು ಉದ್ದರಿ ಇರುವ ವ್ಯಾಪಾರಕ್ಕೆ ಸಂಚಯ ಪದ್ಧತಿಯೇ ಸರಿ. ಬಟ್ಟೆ, ಹೊಲಿಗೆ, ಮಾರಾಟ ಒಂದೇ ಪುಟದಲ್ಲಿ ಸಿಗದೆ ಸಮವಸ್ತ್ರದ ದರ ಗಿಟ್ಟುತ್ತದೆಯೇ ಎಂದು ಮಾಲೀಕರಿಗೆ ತಿಳಿಯುವುದೇ ಇಲ್ಲ. ಆದರೆ ಪುಸ್ತಕದ ಲಾಭದಿಂದ ಕೂಲಿ ಕೊಡಲಾಗದು. ಬಾರದ ಹಣದ ಮೇಲೂ ಆದಾಯ ತೆರಿಗೆ ಬೀಳುತ್ತದೆ. ಮಾರಾಟಕ್ಕಿಂತ ಬಾಕಿಯೇ ವೇಗವಾಗಿ ಬೆಳೆಯುತ್ತಿದ್ದರೆ ಲಾಭದ ಅಂಕಿಯನ್ನು ನಂಬಬಾರದು. ಪ್ರತಿ ತಿಂಗಳೂ ಯಾರ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿ ನೋಡಲೇಬೇಕು. ನಗದು ಪದ್ಧತಿ ಇಟ್ಟುಕೊಂಡರೂ ಮಾಲಿನ ಮೇಲಿನ ಜಿಎಸ್‌ಟಿ ಚೆಕ್ಕಿಗಾಗಿ ಕಾಯುವುದಿಲ್ಲ. ಅದು ಸಾಮಾನ್ಯವಾಗಿ ಬಿಲ್ಲಿನ ದಿನಾಂಕಕ್ಕೇ ಕಟ್ಟಿಕೊಂಡಿರುತ್ತದೆ.

ಕಂಪನಿಯಾದರೆ ಆಯ್ಕೆಯೇ ಇಲ್ಲ. 2013ರ ಕಂಪನಿ ಕಾಯ್ದೆ ಸಂಚಯ ಪದ್ಧತಿಯನ್ನೇ ಕಡ್ಡಾಯ ಮಾಡಿದೆ. ಉಳಿದವರು ತೆರಿಗೆಗಾಗಿ ಎರಡರಲ್ಲಿ ಒಂದನ್ನು ಆರಿಸಿ, ವರ್ಷ ವರ್ಷವೂ ಅದನ್ನೇ ಪಾಲಿಸಬೇಕು. ಆದಾಯಕ್ಕೆ ನಗದು, ಖರ್ಚಿಗೆ ಸಂಚಯ ಎಂಬ ಬೆರಕೆಗೆ 1997-98ರ ಕರನಿರ್ಧಾರಣಾ ವರ್ಷದಿಂದ ಅವಕಾಶವಿಲ್ಲ.

ದಾಸ್ತಾನಿಲ್ಲದ ವಕೀಲರು, ವೈದ್ಯರು, ಮನೆಪಾಠದವರಿಗೆ ನಗದು ಪದ್ಧತಿ ಹಗುರ. ಬಂದ ಫೀಸಿಗಷ್ಟೇ ತೆರಿಗೆ. ಅಲ್ಲೂ ಒಂದು ತೊಡಕಿದೆ. ಕಕ್ಷಿದಾರ ಕಂಪನಿ ಮಾರ್ಚ್‌ನಲ್ಲೇ ಫೀಸನ್ನು ಖರ್ಚು ಬರೆದು ಟಿಡಿಎಸ್ ಮುರಿದಿರುತ್ತದೆ, ಹಣ ಬರುವುದು ಮೇ ತಿಂಗಳಲ್ಲಿ. ಆಗ ವಕೀಲರು ಆ ಟಿಡಿಎಸ್ಸನ್ನು ಮುಂದಿನ ವರ್ಷಕ್ಕೆ ಒಯ್ದು, ಫೀಸನ್ನು ಆದಾಯವೆಂದು ತೋರಿಸುವ ವರ್ಷದಲ್ಲೇ ತೆರಿಗೆಗೆ ಹೊಂದಿಸಿಕೊಳ್ಳಬೇಕು.