ಎಪ್ಪತ್ತೈದು ಡಿಗ್ರಿ ತಣಿದಾಗ ಕೂತ ತಾಮ್ರ

ಅಮೆರಿಕದ ಯೂಟಾದಲ್ಲಿರುವ ಬಿಂಗ್‌ಹ್ಯಾಮ್ ಕಣಿವೆಗೆ 1860ರ ದಶಕದಲ್ಲಿ ಬಂದ ಗಣಿಗಾರರು ಹುಡುಕಿದ್ದು ಸೀಸ, ಬೆಳ್ಳಿ ಮತ್ತು ತೊರೆಯ ಮರಳಿನ ಚಿನ್ನವನ್ನು. ನಡುವೆ ನಿಂತಿದ್ದ ಬೂದುಬಣ್ಣದ ಬೆಟ್ಟದಲ್ಲಿ ತಾಮ್ರವಿತ್ತು, ಆದರೆ ನೂರಕ್ಕೆ ಎರಡು ಪಾಲು ಮಾತ್ರ. ಅಷ್ಟಕ್ಕಾಗಿ ಬೆಟ್ಟ ಅಗೆಯುವವರು ಯಾರು? 1906ರಲ್ಲಿ ಹಬೆಯಂತ್ರದ ಗುದ್ದಲಿಗಳು ಬಂದ ಮೇಲೆ ಅದೇ ಬೆಟ್ಟವನ್ನು ಅಗೆಯತೊಡಗಿದರು. ಇಂದು ಅಲ್ಲಿ ಬೆಟ್ಟವಿಲ್ಲ. ಸುಮಾರು ನಾಲ್ಕು ಕಿಲೋಮೀಟರ್ ಅಗಲದ, ಒಂದು ಕಿಲೋಮೀಟರಿಗೂ ಆಳದ ಹೊಂಡವಿದೆ. ಅದರಿಂದ ಹೊರಬಂದಿರುವ ತಾಮ್ರ 1.7 ಕೋಟಿ ಟನ್ನಿಗೂ ಹೆಚ್ಚು.

ಕೋಲಾರದ ಗಣಿಯನ್ನು ಬಲ್ಲವರಿಗೆ ಈ ಅದಿರು ವಿಚಿತ್ರವಾಗಿ ಕಾಣಬಹುದು. ಕೋಲಾರದಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಕಿರಿದಾದ ಪಟ್ಟಿಗಳಲ್ಲಿ, ಅವುಗಳ ಬೆನ್ನುಹತ್ತಿಯೇ ಮೂರು ಕಿಲೋಮೀಟರ್ ಆಳಕ್ಕೆ ಇಳಿದರು. ಬಿಂಗ್‌ಹ್ಯಾಮಿನಲ್ಲಿ ಹಾಗೆ ಹಿಡಿದು ಹೋಗಲು ಪಟ್ಟಿಯೇ ಇಲ್ಲ. ಕೂದಲೆಳೆಯಂಥ ಲಕ್ಷಾಂತರ ಬಿರುಕುಗಳು ಬಲೆಯಂತೆ ಇಡೀ ಬಂಡೆಯನ್ನು ಹೆಣೆದಿವೆ, ಲೋಹ ಅವುಗಳಲ್ಲಿ ಚದುರಿ ಕೂತಿದೆ. ಸಣ್ಣ ಕಣಗಳ ನಡುವೆ ದೊಡ್ಡ ಹರಳುಗಳು ಹುದುಗಿರುವ ಇಂಥ ಬಂಡೆಗೆ ಪಾರ್ಫಿರಿ ಎಂದು ಹೆಸರು. ನಿಕ್ಷೇಪಕ್ಕೂ ಅದೇ ಹೆಸರು ಅಂಟಿಕೊಂಡಿದೆ.

ಭೂಮಿಯ ಸಾಮಾನ್ಯ ಬಂಡೆಯ ಒಂದು ಟನ್ನಿನಲ್ಲಿ ತಾಮ್ರ ಸುಮಾರು 30 ಗ್ರಾಂ. ಈಗಿನ ಪಾರ್ಫಿರಿ ಅದಿರಿನಲ್ಲಿ ಐದು ಕಿಲೋ ಆಸುಪಾಸು. ಚಿನ್ನವೂ ನೂರಾರು ಪಟ್ಟು ದಟ್ಟವಾಗಿರುತ್ತದೆ, ಆದರೂ ಸಾಮಾನ್ಯವಾಗಿ ಟನ್ನಿಗೆ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಇಷ್ಟನ್ನು ಒಟ್ಟುಗೂಡಿಸಿದ್ದು ನೀರು.

ಸುಮಾರು 3.8 ಕೋಟಿ ವರ್ಷಗಳ ಹಿಂದೆ ಈ ಜಾಗದ ಕೆಳಗೆ, ಹಲವು ಕಿಲೋಮೀಟರ್ ಆಳದಲ್ಲಿ, ಶಿಲಾಪಾಕ ತುಂಬಿಕೊಂಡಿತ್ತು. ಇಂಥ ಪಾಕದ ತೂಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ನೀರೇ ಕರಗಿರುತ್ತದೆ. ಪಾಕ ಮೇಲೇರಿದಂತೆ ಅದರ ಮೇಲಿನ ಒತ್ತಡ ಇಳಿಯುತ್ತದೆ. ಹರಳುಗಟ್ಟುವ ಖನಿಜಗಳು ಬಹುಪಾಲು ನೀರನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವಂತೆ ನೀರು ಬೇರ್ಪಡುತ್ತದೆ. ಹೊರಡುವಾಗ ಅದು ಕ್ಲೋರಿನ್ ಮತ್ತು ಗಂಧಕವನ್ನು ಜೊತೆಗೆ ಒಯ್ಯುತ್ತದೆ. ತಾಮ್ರ ಹೆಚ್ಚಾಗಿ ಕ್ಲೋರಿನ್ ಹಿಡಿದುಕೊಂಡು ಆ ಬಿಸಿ ಉಪ್ಪುನೀರಿಗೆ ಸೇರುತ್ತದೆ. ಚಿನ್ನಕ್ಕೆ ಗಂಧಕವೂ ವಾಹನವಾಗುತ್ತದೆ.

ಎಷ್ಟು ಪಾಕ ಬೇಕಾದೀತು? ಟನ್ನಿಗೆ 50 ಗ್ರಾಂ ತಾಮ್ರವಿದೆ ಎಂದುಕೊಂಡರೆ ಒಂದು ಘನ ಕಿಲೋಮೀಟರ್ ಪಾಕದಲ್ಲಿ ಸುಮಾರು 1.35 ಲಕ್ಷ ಟನ್ ಸಿಗುತ್ತದೆ. ಒಂದು ಗ್ರಾಂ ಕೂಡ ಪೋಲಾಗದಿದ್ದರೂ, ಈವರೆಗೆ ಬಿಂಗ್‌ಹ್ಯಾಮಿನಿಂದ ತೆಗೆದ ತಾಮ್ರಕ್ಕೇ ನೂರು ಘನ ಕಿಲೋಮೀಟರಿಗಿಂತ ಹೆಚ್ಚು ಪಾಕ ಬೇಕು. ನಾವು ಅಗೆಯುವ ಪಾರ್ಫಿರಿ ಆ ದೊಡ್ಡ ಕೊಪ್ಪರಿಗೆಯ ಮೇಲೆ ಎದ್ದ ಚಿಮಣಿ ಮಾತ್ರ.

ಆ ಚಿಮಣಿಯ ನೆತ್ತಿಯಲ್ಲಿ ನೀರು ಒತ್ತರಿಸಿ ಒತ್ತರಿಸಿ ಕೊನೆಗೆ ಬಂಡೆಯನ್ನೇ ಸೀಳುತ್ತದೆ. ಬಿರುಕುಗಳೊಳಗೆ ನುಗ್ಗಿದ ದ್ರವ ತಣಿಯುತ್ತದೆ. ಮುಂದೆ ನಡೆದದ್ದಕ್ಕೆ ಸಾಕ್ಷಿ ಬೆಣಚುಕಲ್ಲಿನೊಳಗೇ ಉಳಿದಿದೆ. ಹರಳು ಬೆಳೆಯುವಾಗ ಆ ದ್ರವದ ಹನಿಗಳು ಅದರಲ್ಲಿ ಸೆರೆಯಾಗುತ್ತವೆ, ಒಂದೊಂದೂ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನಷ್ಟು. ಸೂಕ್ಷ್ಮದರ್ಶಕದ ಕೆಳಗೆ ಹನಿಯೊಳಗೆ ಒಂದು ಗುಳ್ಳೆ, ಕೆಲವೊಮ್ಮೆ ಉಪ್ಪಿನ ಪುಟ್ಟ ಘನವೂ ಕಾಣುತ್ತದೆ. ಕಲ್ಲನ್ನು ನಿಧಾನವಾಗಿ ಕಾಯಿಸಿ ಗುಳ್ಳೆ ಯಾವ ಶಾಖದಲ್ಲಿ ಮಾಯವಾಗುತ್ತದೆಂದು ನೋಡಿದರೆ ಹನಿ ಸೆರೆಯಾದ ಕಾಲದ ಬಿಸಿಯ ಅಂದಾಜು ದೊರೆಯುತ್ತದೆ. ಲೇಸರಿನಿಂದ ಹನಿಯನ್ನು ಸುಟ್ಟು ಆವಿಯನ್ನು ಅಳೆದರೆ ಅದರಲ್ಲಿದ್ದ ಲೋಹದ ಲೆಕ್ಕವೂ ಸಿಗುತ್ತದೆ.

ಬಿಂಗ್‌ಹ್ಯಾಮಿನ ಹನಿಗಳನ್ನು ಹೀಗೆ ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಮ್ರ ಕೂತ ಘಟ್ಟ ಸ್ಪಷ್ಟವಾಯಿತು. ದ್ರವ 425 ಡಿಗ್ರಿ ಸೆಲ್ಸಿಯಸ್‌ನಿಂದ 350ಕ್ಕೆ ತಣಿಯುವಾಗ ಅದರಲ್ಲಿದ್ದ ತಾಮ್ರ ಬಹುಮಟ್ಟಿಗೆ ಖಾಲಿಯಾಗಿದೆ. ಸಕ್ಕರೆ ಪಾಕ ಆರಿದಂತೆ ಕಲ್ಲುಸಕ್ಕರೆ ಕಟ್ಟುವ ಹಾಗೆ ಎನ್ನಬಹುದು. ಆದರೆ ಇಲ್ಲಿ ರಸಾಯನವೂ ಕೈಜೋಡಿಸುತ್ತದೆ: ತಣಿಯುವಾಗ ಗಂಧಕದ ಅನಿಲ ನೀರಿನೊಂದಿಗೆ ವರ್ತಿಸಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತದೆ, ಅದು ತಾಮ್ರ, ಕಬ್ಬಿಣಗಳೊಂದಿಗೆ ಕೂಡಿ ಕ್ಯಾಲ್ಕೊಪೈರೈಟ್, ಬಾರ್ನೈಟ್ ಎಂಬ ಹರಳುಗಳಾಗುತ್ತದೆ. ಬಿಸಿ ಬಾರ್ನೈಟ್ ತನ್ನೊಳಗೆ ಚಿನ್ನಕ್ಕೂ ಜಾಗ ಕೊಡುತ್ತದೆ. ಗಂಧಕ ಹೀಗೆ ಖರ್ಚಾಗುತ್ತ ಹೋದರೆ ಚಿನ್ನವನ್ನು ಹೊತ್ತು ಮುಂದೆ ಸಾಗುವ ವಾಹನವೂ ತಪ್ಪುತ್ತದೆ.

ಎಲ್ಲ ಶಿಲಾಪಾಕಕ್ಕೂ ಈ ಭಾಗ್ಯವಿಲ್ಲ. ಗಂಧಕ ಮೊದಲೇ ಪಾಕದೊಳಗೆ ಹನಿಗಟ್ಟಿದರೆ ತಾಮ್ರವನ್ನು ಹಿಡಿದು ತಳ ಸೇರಬಹುದು. ಮೇಲೆ ಜ್ವಾಲಾಮುಖಿ ಬಾಯಿಬಿಟ್ಟರೆ ದ್ರವ ಗಾಳಿಗೆ ಹೋಗುತ್ತದೆ. ಒಂದೇ ಚಿಮಣಿಯಲ್ಲಿ ಏರದೆ ಎಲ್ಲೆಡೆ ಹರಡಿಕೊಂಡರೂ ಲೋಹ ತೆಳುವಾಗಿ ವ್ಯರ್ಥವಾಗುತ್ತದೆ. ಬಿರುಕಿನ ಬಲೆ, ಬೆಣಚು, ಹೊಳೆಯುವ ಪೈರೈಟ್ ಎಲ್ಲ ಇದ್ದೂ ತಾಮ್ರವೇ ಇಲ್ಲದ ಬೆಟ್ಟಗಳು ಬೇಕಾದಷ್ಟಿವೆ.

ಆ ಹನಿಗಳು ಇನ್ನೊಂದು ಸಂಗತಿಯನ್ನೂ ತಿಳಿಸಿದವು. ತಾಮ್ರ ಕೂತಾಗ ಸೀಸ ಮತ್ತು ಸತು ದ್ರವದಲ್ಲೇ ಉಳಿದಿದ್ದವು. ಅವು ಮುಂದೆ ಹರಿದು, ಇನ್ನಷ್ಟು ತಣಿದು, ಬೆಟ್ಟದ ಅಂಚಿನ ಸುಣ್ಣಕಲ್ಲಿನಲ್ಲಿ ನಿಂತವು. 1860ರ ದಶಕದ ಗಣಿಗಾರರು ಸೀಸ, ಬೆಳ್ಳಿಗಾಗಿ ಅಗೆದದ್ದು ಆ ಅಂಚನ್ನೇ.